ಮೂರಡಿ ರೋಲು, ನೂರಕ್ಕೊಂದರ ನಕ್ಷೆ

ಮನೆಯಲ್ಲೋ ಕಚೇರಿಯಲ್ಲೋ ಇರುವ ಸಾಮಾನ್ಯ ಪ್ರಿಂಟರ್‌ಗೆ ಎ4 ಹಾಳೆ ಸಾಕು. ತುಸು ದೊಡ್ಡದಾದರೆ ಎ3. ಕಟ್ಟಡ, ರಸ್ತೆ, ಕಾಲುವೆ, ಯಂತ್ರಗಳ ನಕ್ಷೆಗಳು ಆ ಅಳತೆಯೊಳಗೆ ಓದುವಂತೆ ಕೂರುವುದಿಲ್ಲ. ಅವುಗಳಿಗೆ ಬೇಕಾದ ಎ1 ಹಾಳೆ 594 ಮಿಲಿಮೀಟರ್ ಅಗಲ, 841 ಮಿಲಿಮೀಟರ್ ಉದ್ದ. ಅದರ ಎರಡರಷ್ಟಿರುವ ಎ0 ಹಾಳೆ 841ಕ್ಕೆ 1189. ಇಷ್ಟು ದೊಡ್ಡ ಹಾಳೆಯನ್ನು ಒಂದೊಂದಾಗಿ ಟ್ರೇಯಲ್ಲಿ ಜೋಡಿಸಿಡುವುದು ಕಷ್ಟ. ಆದ್ದರಿಂದ ವೈಡ್ ಫಾರ್ಮ್ಯಾಟ್ ಪ್ಲಾಟರ್‌ಗೆ ಕಾಗದ ಸುರುಳಿಯಾಗಿಯೇ ಬರುತ್ತದೆ. ನಕ್ಷೆ ಮುಗಿದ ಕಡೆ ಯಂತ್ರವೇ ಕತ್ತರಿಸಿ ಕೊಡುತ್ತದೆ. ವಾಸ್ತುಶಿಲ್ಪಿಗಳ ಕಚೇರಿಗಳಲ್ಲಿ, ಲೋಕೋಪಯೋಗಿ ಮತ್ತು ನೀರಾವರಿ ಇಲಾಖೆಗಳಲ್ಲಿ, ನಗರಗಳ ದೊಡ್ಡ ಜೆರಾಕ್ಸ್ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು 24 ಇಂಚು ಅಥವಾ 36 ಇಂಚು ಅಗಲದ ರೋಲ್ ಹಿಡಿಯುವ ಯಂತ್ರಗಳು.

ಹಿಂದಿನ ಪ್ಲಾಟರ್‌ಗಳಲ್ಲಿ ನಿಜವಾದ ಪೆನ್ನೇ ಇತ್ತು. 1959ರಲ್ಲಿ ಬಂದ ಕ್ಯಾಲ್‌ಕಾಂಪ್ 565 ಯಂತ್ರದಲ್ಲಿ ಡ್ರಮ್ ತಿರುಗಿ ಕಾಗದವನ್ನು ಹಿಂದೆ ಮುಂದೆ ಒಯ್ಯುತ್ತಿತ್ತು, ಪೆನ್ನು ಅಡ್ಡಕ್ಕೆ ಓಡುತ್ತಿತ್ತು. ಎರಡೂ ಚಲನೆ ಸೇರಿ ಗೆರೆ ಮೂಡುತ್ತಿತ್ತು. ಇಂದಿನವು ಇಂಕ್‌ಜೆಟ್ ಯಂತ್ರಗಳು. ಪೆನ್ನಿನ ಜಾಗಕ್ಕೆ ಸಣ್ಣ ತೂತುಗಳ ಸಾಲಿರುವ ಪ್ರಿಂಟ್ ಹೆಡ್ ಬಂದಿದೆ. ಹೆಡ್ ಅಡ್ಡಕ್ಕೆ ಓಡುತ್ತಾ ಒಂದು ಪಟ್ಟಿಯಷ್ಟು ಜಾಗಕ್ಕೆ ಇಂಕ್ ಚಿಮುಕಿಸುತ್ತದೆ, ಕಾಗದ ಒಂದು ಹೆಜ್ಜೆ ಮುಂದೆ ಸರಿಯುತ್ತದೆ, ಹೆಡ್ ಮತ್ತೆ ಓಡುತ್ತದೆ. ಎರಡು ಚಲನೆಗಳ ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ. ಹೆಡ್ ಗಟ್ಟಿ ಸರಳಿನ ಮೇಲೆ ಓಡುವುದರಿಂದ ಅದು ದಾರಿ ತಪ್ಪುವುದು ಅಪರೂಪ. ಕಾಗದ ಹಾಗಲ್ಲ; ಅದು ಎಷ್ಟು ನೇರವಾಗಿ ಸಾಗುತ್ತದೆ ಎನ್ನುವುದು ರೋಲ್ ಹಾಕಿದವರ ಕೈಯಲ್ಲಿದೆ. ಪ್ಲಾಟರ್ ಕೆಟ್ಟಿದೆ ಎಂದು ಬರುವ ದೂರುಗಳಲ್ಲಿ ಎಷ್ಟೋ ಸಲ ಯಂತ್ರದ ತಪ್ಪಿರುವುದಿಲ್ಲ, ರೋಲ್ ಸೊಟ್ಟಗೆ ಕೂತಿರುತ್ತದೆ.

ನಕ್ಷೆಗಳಿಗೆ ಬಳಸುವ ಮಾಮೂಲಿ ರೋಲ್ 80 ಜಿಎಸ್‌ಎಂನ ಬಾಂಡ್ ಕಾಗದ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. ಎ0 ಹಾಳೆಯ ವಿಸ್ತೀರ್ಣ ಸರಿಯಾಗಿ ಒಂದು ಚದರ ಮೀಟರ್ ಇರುವುದರಿಂದ ಈ ಕಾಗದದ ಒಂದು ಎ0 ನಕ್ಷೆ 80 ಗ್ರಾಂ ತೂಗುತ್ತದೆ. 36 ಇಂಚು ಅಗಲದ, 150 ಅಡಿ ಅಂದರೆ ಸುಮಾರು 45.7 ಮೀಟರ್ ಉದ್ದದ ರೋಲ್‌ನಲ್ಲಿ ಮೂರೂಕಾಲು ಕಿಲೋಗಿಂತ ತುಸು ಹೆಚ್ಚು ಕಾಗದವಿರುತ್ತದೆ. ಕೊಳ್ಳುವಾಗ ಅಗಲ, ಉದ್ದದ ಜೊತೆ ನೋಡಬೇಕಾದ ಇನ್ನೊಂದು ಅಳತೆ ಒಳಗಿನ ರಟ್ಟಿನ ಕೊಳವೆಯ ತೂತು. ಅದು 2 ಇಂಚಿನದೂ ಇರುತ್ತದೆ, 3 ಇಂಚಿನದೂ ಇರುತ್ತದೆ. 2 ಇಂಚಿನ ಸರಳಿಗೆ 3 ಇಂಚಿನ ರೋಲ್ ಹಾಕುವುದಾದರೆ ನಡುವೆ ಅಡಾಪ್ಟರ್ ಕೂರಿಸಲೇಬೇಕು. ಅದನ್ನು ಬಿಟ್ಟು ಹಾಕಿದರೆ ರೋಲ್ ಒಲಾಡುತ್ತಾ ತಿರುಗಿ ಕಾಗದವನ್ನು ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ ಬಿಡುತ್ತದೆ.

ರೋಲ್ ಹೊತ್ತು ನಿಲ್ಲುವ ಸರಳಿಗೆ ಸ್ಪಿಂಡಲ್ ಎಂದು ಹೆಸರು. ಅದರ ಒಂದು ತುದಿಯಲ್ಲಿ ಕದಲದಂತೆ ಕೂರಿಸಿದ ಬಿಲ್ಲೆಯಿದೆ; ಇನ್ನೊಂದು ತುದಿಯ ಬಿಲ್ಲೆಯನ್ನು ಎಳೆದು ತೆಗೆಯಬಹುದು. ಎರಡಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ಬಣ್ಣವಿರುತ್ತದೆ, ಯಂತ್ರದಲ್ಲಿ ಯಾವುದು ಎಡಕ್ಕೆ ಯಾವುದು ಬಲಕ್ಕೆ ಎಂದು ಅದರಿಂದಲೇ ತಿಳಿಯುತ್ತದೆ. ಸ್ಪಿಂಡಲ್ ಹೊರತೆಗೆದು, ಕಳಚುವ ಬಿಲ್ಲೆಯನ್ನು ತೆಗೆದು, ಮೇಜಿನ ಮೇಲೆ ಮಲಗಿಸಿದ ರೋಲ್‌ನೊಳಗೆ ಸರಳನ್ನು ತೂರಿಸಬೇಕು. ಕಾಗದದ ತುದಿ ಯಾವ ದಿಕ್ಕಿನಿಂದ ಬಿಚ್ಚಿಕೊಳ್ಳಬೇಕು ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಸ್ಪಿಂಡಲ್ ಮೇಲೋ ಮುಚ್ಚಳದ ಒಳಬದಿಯಲ್ಲೋ ಅಂಟಿಸಿರುವ ಚಿತ್ರವನ್ನು ನೋಡಿಯೇ ಹಾಕಬೇಕು. ಬಾಂಡ್ ಕಾಗದಕ್ಕೆ ಎರಡು ಬದಿಯೂ ಹೆಚ್ಚುಕಡಿಮೆ ಒಂದೇ. ಲೇಪನವಿರುವ ಕಾಗದದಲ್ಲಿ ಮಾತ್ರ ಒಂದೇ ಬದಿ ಇಂಕ್ ಹಿಡಿಯುತ್ತದೆ, ಸಾಮಾನ್ಯವಾಗಿ ಸುರುಳಿಯ ಹೊರಬದಿ. ಅಂಥ ರೋಲ್ ತಿರುವುಮುರುವಾಗಿ ಕೂತರೆ ನಕ್ಷೆ ಲೇಪನವಿಲ್ಲದ ಬೆನ್ನಿನ ಮೇಲೆ ಬಿದ್ದು ಮಂಕಾಗುತ್ತದೆ, ಗೆರೆಯ ಅಂಚು ಹರಡುತ್ತದೆ.

ಈಗ ಬರುವುದು ಎಲ್ಲಕ್ಕಿಂತ ಚಿಕ್ಕದಾಗಿ ಕಂಡರೂ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ರೋಲ್‌ನ ಒಂದು ಬದಿ ಕದಲದ ಬಿಲ್ಲೆಗೆ ಎಲ್ಲೂ ಸಂದಿಲ್ಲದಂತೆ ಒತ್ತಿ ಕೂರಬೇಕು. ಆಮೇಲೆ ಇನ್ನೊಂದು ಬಿಲ್ಲೆಯನ್ನು ತೂರಿಸಿ ಅದನ್ನೂ ಸಂದಿಲ್ಲದಂತೆ ದೂಡಬೇಕು. ಬೆರಳಿನ ಉಗುರು ತೂರುವಷ್ಟು ಜಾಗವಿದ್ದರೂ ಆಗದು. ರೋಲ್ ತಿರುಗುತ್ತಾ ಆ ಸಂದಿನಷ್ಟು ಅತ್ತಿತ್ತ ಸರಿಯುತ್ತದೆ, ಹತ್ತನೆಯ ನಕ್ಷೆಯ ಹೊತ್ತಿಗೆ ಕಾಗದ ಒಂದು ಬದಿಗೆ ವಾಲಿರುತ್ತದೆ. ಕೆಳಗೆ ಬಿದ್ದು ರಟ್ಟಿನ ಕೊಳವೆಯ ಬಾಯಿ ಜಜ್ಜಿದ್ದರೆ ಬಿಲ್ಲೆ ಪೂರ್ತಿ ಕೂರುವುದಿಲ್ಲ. ಸುರುಳಿಯ ಒಳಸುತ್ತುಗಳು ಒಂದು ಬದಿಗೆ ಜಾರಿ ಹೊರಗೆ ಚಾಚಿಕೊಂಡಿದ್ದರೆ, ರೋಲನ್ನು ಗಟ್ಟಿ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ತಟ್ಟಿ ಅಂಚು ಸಮಮಾಡಿಕೊಂಡೇ ಸ್ಪಿಂಡಲ್‌ಗೆ ಹಾಕಬೇಕು.

ಸ್ಪಿಂಡಲ್ ತನ್ನ ಜಾಗದಲ್ಲಿ ಕೂತ ಮೇಲೆ ಕಾಗದದ ತುದಿಯ ಸರದಿ. ಹೊಸ ರೋಲ್‌ನ ಹೊರಸುತ್ತಿಗೆ ಅಂಟುಪಟ್ಟಿ ಹಚ್ಚಿರುತ್ತಾರೆ. ಅದನ್ನು ಕಿತ್ತರೆ ಕಾಗದ ಹರಿಯುತ್ತದೆ, ಇಲ್ಲವೇ ಅಂಟು ಉಳಿಯುತ್ತದೆ; ಆ ಅಂಟು ಒಳಗೆ ಹೋಗಿ ರೋಲರ್‌ಗೆ ಹತ್ತಿದರೆ ಮುಂದೆ ತೊಂದರೆ. ಅಷ್ಟು ಭಾಗವನ್ನು ಕತ್ತರಿಸಿ ಬಿಸಾಡುವುದೇ ಲೇಸು, ಹೋಗುವುದು ಒಂದು ಗೇಣು ಕಾಗದ ಅಷ್ಟೇ. ಕತ್ತರಿಸಿದ ಅಂಚು ನೇರವಾಗಿರಲಿ, ಮೂಲೆಗಳು ಮಡಚಿಕೊಂಡಿರದಿರಲಿ. ಅನಂತರ ಎರಡೂ ಅಂಚನ್ನು ಎರಡು ಕೈಯಲ್ಲಿ ಹಿಡಿದು, ನಡುವೆ ಜೋಲು ಬೀಳದಂತೆ, ಕಾಗದ ಹೋಗುವ ಸೀಳಿನೊಳಗೆ ಮೆಲ್ಲಗೆ ದೂಡಬೇಕು. ಒಳಗಿನ ರೋಲರ್ ತುದಿಯನ್ನು ಹಿಡಿದುಕೊಂಡಾಗ ಯಂತ್ರ ಸದ್ದು ಮಾಡಿ ತಾನೇ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅವಸರಪಟ್ಟು ಕೈಯಿಂದ ಇನ್ನಷ್ಟು ದೂಡುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದರೆ ಕಾಗದ ಒಳಗೆ ಉಬ್ಬಿ ನಿಲ್ಲುತ್ತದೆ.

ಕಾಗದ ಒಳಬಂದ ಕೂಡಲೇ ಯಂತ್ರ ತನ್ನದೇ ಪರೀಕ್ಷೆ ನಡೆಸುತ್ತದೆ. ಹೆಡ್ ಇರುವ ಗಾಡಿಗೆ ಜೋಡಿಸಿದ ಸೆನ್ಸರ್ ಅಡ್ಡಕ್ಕೆ ಓಡಿ ಕಾಗದದ ಅಂಚು ಎಲ್ಲಿದೆ, ಅಗಲ ಎಷ್ಟಿದೆ ಎಂದು ಗುರುತಿಸುತ್ತದೆ. ಕಾಗದವನ್ನು ಸ್ವಲ್ಪ ಮುಂದಕ್ಕೂ ಹಿಂದಕ್ಕೂ ಓಡಿಸಿ ಅಂಚು ಅದೇ ಜಾಗದಲ್ಲಿದೆಯೇ ಎಂದು ಮತ್ತೆ ನೋಡುತ್ತದೆ. ಅಂಚು ಸರಿದಿದ್ದರೆ ಕಾಗದ ಸೊಟ್ಟಗಿದೆ ಎಂಬ ಸಂದೇಶ ಪರದೆಯ ಮೇಲೆ ಬರುತ್ತದೆ. ಆಗ ಮುಚ್ಚಳ ತೆರೆದು, ಕಾಗದವನ್ನು ಒತ್ತಿಹಿಡಿಯುವ ಸನ್ನೆಯನ್ನು ಎತ್ತಿ ಸಡಿಲಿಸಬೇಕು. ಕಾಗದ ಚಲಿಸುವ ತಟ್ಟೆಯ ಮೇಲೆ ಬಲಬದಿಗೆ ಎಳೆದಿರುವ ಗೆರೆಗೆ ಕಾಗದದ ಅಂಚು ಉದ್ದಕ್ಕೂ ಹೊಂದುವಂತೆ ಸರಿಸಬೇಕು. ಸ್ಪಿಂಡಲ್‌ನ ಬಿಲ್ಲೆಯನ್ನು ಹಿಂದಕ್ಕೆ ತಿರುಗಿಸಿ ಸಡಿಲ ಸುತ್ತನ್ನು ಬಿಗಿಮಾಡಿ, ಆಮೇಲೆ ಸನ್ನೆ ಇಳಿಸಬೇಕು. ಇಷ್ಟಾದರೂ ಅದೇ ಸಂದೇಶ ಮರಳಿ ಬರುತ್ತಿದ್ದರೆ ಹೆಚ್ಚಿನ ಸಲ ಕಾರಣ ಸೀಳಿನ ಬಳಿ ಇರುವುದಿಲ್ಲ; ಹಿಂದೆ, ಬಿಲ್ಲೆಯ ಪಕ್ಕದ ಆ ಸಂದಿಯಲ್ಲಿರುತ್ತದೆ.

ಪರದೆಯ ಮೇಲೆ ಸಂದೇಶವನ್ನು ಒತ್ತಿ ಮುಂದೆ ಹೋಗುವ ಅವಕಾಶವೂ ಕೆಲವು ಯಂತ್ರಗಳಲ್ಲಿದೆ. ಚಿಕ್ಕ ಓರೆಯಿಂದ ಏನಾಗುತ್ತದೆ ಎಂದು ಲೆಕ್ಕ ಹಾಕಿದರೆ ಆ ಧೈರ್ಯ ಬರಲಾರದು. ಮೀಟರ್‌ಗೆ 2 ಮಿಲಿಮೀಟರ್ ವಾಲುತ್ತಿದ್ದರೆ ಎ0 ನಕ್ಷೆಯ ಕೊನೆಗೆ ಎರಡೂವರೆ ಮಿಲಿಮೀಟರ್ ಹತ್ತಿರ ವ್ಯತ್ಯಾಸ, ಚೌಕಟ್ಟಿನ ಗೆರೆ ಹಾಳೆಯ ಅಂಚಿಗೆ ಓರೆಯಾಗಿ ಕಾಣುತ್ತದೆ, ಅಷ್ಟೇ. ಅದೇ ರೋಲ್‌ನಿಂದ ಒಂದರ ಹಿಂದೊಂದು ಇಪ್ಪತ್ತು ನಕ್ಷೆ ತೆಗೆದರೆ ಓರೆ ಕೂಡುತ್ತಾ ಹೋಗಿ, ಕಾಗದದ ಅಂಚು ಪಕ್ಕದ ಗೋಡೆಗೆ ತಾಗಿ ಸುಕ್ಕುಗಟ್ಟುತ್ತದೆ. ಸುಕ್ಕು ಎದ್ದು ಹೆಡ್‌ಗೆ ಬಡಿದರೆ ನಕ್ಷೆಯೂ ಹಾಳು, ಹೆಡ್‌ಗೂ ಅಪಾಯ.

ರೋಲ್ ನೇರವಾಗಿ ಕೂತ ಮೇಲೆ ಯಂತ್ರ ತುದಿಯನ್ನು ಸಮವಾಗಿ ಕತ್ತರಿಸಿ, ಇದು ಯಾವ ಕಾಗದ ಎಂದು ಕೇಳುತ್ತದೆ. ಬಾಂಡ್, ಕೋಟೆಡ್, ಹೆವಿ ಕೋಟೆಡ್, ಟ್ರೇಸಿಂಗ್, ಫೋಟೊ ಎಂಬ ಪಟ್ಟಿ ಕಾಣುತ್ತದೆ. ಹಾದಿಗೆ ಅಡ್ಡ ಬಂದ ಪ್ರಶ್ನೆ ಎಂಬಂತೆ ಮೊದಲ ಹೆಸರನ್ನೇ ಒತ್ತಿ ಮುಂದೆ ಹೋಗುವವರು ಬಹಳ. ಆದರೆ ಎಷ್ಟು ಇಂಕ್ ಸುರಿಯಬೇಕು, ಒಣಗಲು ಎಷ್ಟು ಹೊತ್ತು ಕಾಯಬೇಕು, ಕಾಗದ ಪ್ರತಿ ಹೆಜ್ಜೆಗೆ ಎಷ್ಟು ಸರಿಯಬೇಕು ಎನ್ನುವುದು ಈ ಉತ್ತರವನ್ನೇ ನಂಬಿದೆ. ತೆಳ್ಳಗಿನ ಬಾಂಡ್ ಹಾಕಿ ಕೋಟೆಡ್ ಎಂದು ಹೇಳಿದರೆ ಇಂಕ್ ಜಾಸ್ತಿಯಾಗಿ ಕಾಗದ ನೆನೆಯುತ್ತದೆ, ಅಲೆಅಲೆಯಾಗಿ ಉಬ್ಬುತ್ತದೆ. ಉಬ್ಬಿದ ಜಾಗಕ್ಕೆ ಹೆಡ್ ಸವರಿ ಹೋದಾಗ ಕಪ್ಪು ಗೀಟು ಬೀಳುತ್ತದೆ. ನಕ್ಷೆಯ ಅಡ್ಡಕ್ಕೆ, ಯಾವುದೋ ಗೆರೆಯಿಂದ ಎಳೆದಂತೆ ಮಸಿ ಸವರಿದ್ದರೆ ಮೊದಲು ನೋಡಬೇಕಾದದ್ದು ಕಾಗದದ ಈ ಆಯ್ಕೆಯನ್ನೇ.

ಇನ್ನು ನಕ್ಷೆಯ ಕಡೆ ಬರಬಹುದು. 70 ಮೀಟರ್ ಉದ್ದ, 40 ಮೀಟರ್ ಅಗಲದ ಒಂದು ಅಪಾರ್ಟ್‌ಮೆಂಟ್ ಕಟ್ಟಡದ ಒಂದು ಮಹಡಿಯ ಪ್ಲಾನ್ ತೆಗೆಯಬೇಕಾಗಿದೆ ಎನ್ನೋಣ. ಸ್ಕೇಲ್ 1:100, ಅಂದರೆ ನೆಲದ ಮೇಲಿನ ಒಂದು ಮೀಟರ್ ಕಾಗದದ ಮೇಲೆ 10 ಮಿಲಿಮೀಟರ್. ಕಟ್ಟಡ ಕಾಗದದ ಮೇಲೆ 700ಕ್ಕೆ 400 ಮಿಲಿಮೀಟರ್ ಆಗುತ್ತದೆ. ಎ1 ಹಾಳೆಯಲ್ಲಿ ಕೂತು, ಬದಿಗೆ ಅಳತೆಗಳಿಗೂ ಹೆಸರುಪಟ್ಟಿಗೂ ಜಾಗ ಉಳಿಯುತ್ತದೆ. 1:50ರಲ್ಲಿ ಬೇಕೆಂದರೆ ಅದೇ ಕಟ್ಟಡ 1400ಕ್ಕೆ 800 ಆಗಿ ಎ0 ಹಾಳೆಯನ್ನೂ ಮೀರುತ್ತದೆ. ಆಗ ಕಟ್ಟಡವನ್ನು ಎರಡು ಭಾಗ ಮಾಡಿ ಎರಡು ಹಾಳೆಯಲ್ಲಿ ತೋರಿಸುವುದು ವಾಡಿಕೆ.

ಯಂತ್ರದಲ್ಲಿರುವುದು 36 ಇಂಚಿನ, ಅಂದರೆ 914 ಮಿಲಿಮೀಟರ್ ಅಗಲದ ರೋಲ್. ಎ1 ಹಾಳೆಯನ್ನು ಇದರ ಮೇಲೆ ಎರಡು ರೀತಿ ಇಡಬಹುದು. ಹಾಳೆಯ ಗಿಡ್ಡ ಬದಿಯನ್ನು ಅಡ್ಡಕ್ಕೆ ಇಟ್ಟರೆ 594 ಮಿಲಿಮೀಟರ್ ಬಳಕೆಯಾಗಿ 320 ಮಿಲಿಮೀಟರ್ ಅಗಲದ ಪಟ್ಟಿ ಖಾಲಿಯೇ ಹೊರಬರುತ್ತದೆ, ಉದ್ದಕ್ಕೆ 841 ಮಿಲಿಮೀಟರ್ ಖರ್ಚು. ಉದ್ದ ಬದಿಯನ್ನೇ ಅಡ್ಡಕ್ಕೆ ತಿರುಗಿಸಿದರೆ ಅಗಲ ಬಹುತೇಕ ತುಂಬಿ, ಉದ್ದಕ್ಕೆ 594 ಮಿಲಿಮೀಟರ್ ಮಾತ್ರ ಹೋಗುತ್ತದೆ. 45.7 ಮೀಟರ್ ರೋಲ್‌ನಲ್ಲಿ ಮೊದಲ ರೀತಿಯಲ್ಲಿ 54 ನಕ್ಷೆ, ಎರಡನೆಯ ರೀತಿಯಲ್ಲಿ 76. ಪ್ಲಾಟರ್‌ನ ಡ್ರೈವರ್‌ನಲ್ಲಿ ನಕ್ಷೆಯನ್ನು ತಿರುಗಿಸುವ ಒಂದು ಚಿಕ್ಕ ಗುರುತು ಹಾಕುವುದರಿಂದ ಇಪ್ಪತ್ತೆರಡು ಹಾಳೆ ಉಳಿಯುತ್ತವೆ. ಕಾಗದ ದುಬಾರಿ ಎಂದು ಗೊಣಗುವ ಕಚೇರಿಗಳು ಮೊದಲು ಕಸದ ಬುಟ್ಟಿಯಲ್ಲಿರುವ ಬಿಳಿ ಪಟ್ಟಿಗಳ ಅಗಲ ನೋಡುವುದು ಒಳ್ಳೆಯದು.

ಕಾಗದ ಹಾಳಾದರೆ ಹಣ ಹೋಗುತ್ತದೆ. ಸ್ಕೇಲ್ ತಪ್ಪಿದರೆ ನಕ್ಷೆಯೇ ಸುಳ್ಳು ಹೇಳುತ್ತದೆ. ಆಟೊಕ್ಯಾಡ್‌ನಲ್ಲಿ PLOT ಎಂದು ಕೊಟ್ಟಾಗ ತೆರೆಯುವ ಕಿಟಕಿಯಲ್ಲಿ Fit to paper ಎಂಬ ಚೌಕವಿದೆ. ಪಿಡಿಎಫ್ ಓದುವ ತಂತ್ರಾಂಶಗಳಲ್ಲಿ Fit ಮತ್ತು Actual size ಎಂಬ ಎರಡು ಆಯ್ಕೆಗಳಿವೆ. ಫಿಟ್ ಎಂದು ಒತ್ತಿದರೆ ಯಂತ್ರ ತನಗೆ ಮುದ್ರಿಸಲು ಸಾಧ್ಯವಿರುವ ಜಾಗದೊಳಗೆ ನಕ್ಷೆಯನ್ನು ಕುಗ್ಗಿಸಿ ಕೂರಿಸುತ್ತದೆ. ಪ್ಲಾಟರ್ ಹಾಳೆಯ ಅಂಚಿನವರೆಗೂ ಮುದ್ರಿಸುವುದಿಲ್ಲ. ಸುತ್ತಲೂ ಒಂದಷ್ಟು ಜಾಗ ಬಿಡುತ್ತದೆ. ಎರಡೂ ಬದಿಯಲ್ಲಿ 5 ಮಿಲಿಮೀಟರ್ ಬಿಟ್ಟರೆ 841 ಮಿಲಿಮೀಟರ್‌ನ ನಕ್ಷೆ 831ಕ್ಕೆ ಇಳಿಯುತ್ತದೆ. ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಕುಗ್ಗಿದ್ದು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಸ್ಕೇಲ್ ಪಟ್ಟಿ ಇಟ್ಟು ಅಳೆದವರಿಗೆ 10 ಮೀಟರ್ ಗೋಡೆ 9 ಮೀಟರ್ 88 ಸೆಂಟಿಮೀಟರ್ ಎಂದು ಸಿಗುತ್ತದೆ. ತಪ್ಪಿಹೋದ 12 ಸೆಂಟಿಮೀಟರ್ ಎಂದರೆ ನಾಲ್ಕೂವರೆ ಇಂಚಿನ ಒಂದು ಇಟ್ಟಿಗೆ ಗೋಡೆಯ ದಪ್ಪ. 70 ಮೀಟರ್ ಕಟ್ಟಡದ ಉದ್ದಕ್ಕೆ ಈ ಕೊರತೆ 80 ಸೆಂಟಿಮೀಟರ್ ದಾಟುತ್ತದೆ.

ನಕ್ಷೆಯಲ್ಲಿ ಅಳತೆ ಬರೆದೇ ಇರುತ್ತದಲ್ಲ, ಗಾರೆಯವರು ಅದನ್ನೇ ಓದುತ್ತಾರಲ್ಲ ಎನ್ನಬಹುದು. ಕಟ್ಟುವವರ ಮಟ್ಟಿಗೆ ಅದು ನಿಜ. ಆದರೆ ಟೈಲ್ಸ್ ಎಷ್ಟು ಚದರ, ವೈರ್ ಎಷ್ಟು ಮೀಟರ್ ಎಂದು ಲೆಕ್ಕ ಮಾಡುವವರು, ಬರೆಯದ ಅಳತೆ ಹುಡುಕುವವರು ಕಾಗದದ ಮೇಲೇ ಸ್ಕೇಲ್ ಇಡುತ್ತಾರೆ. ಹೀಗಾಗಿ 1:100 ಎಂದು ಹಾಳೆಯ ಮೇಲೆ ಬರೆದಿದ್ದರೆ ಮುದ್ರಣವೂ 1:100 ಆಗಿರಲೇಬೇಕು. ದಾರಿ ಸರಳ: ಫಿಟ್ ಗುರುತು ತೆಗೆಯುವುದು, ಲೇಔಟ್‌ನಿಂದ ತೆಗೆಯುವಾಗ 1:1 ಎಂದೇ ಕೊಡುವುದು, ಪಿಡಿಎಫ್ ಆದರೆ Actual size ಆರಿಸುವುದು. ಚೌಕಟ್ಟಿನ ಗೆರೆ ಹಾಳೆಯ ಅಂಚಿಗೆ ತೀರ ಹತ್ತಿರವಿದ್ದು ಕಡಿದುಹೋಗುವಂತಿದ್ದರೆ ನಕ್ಷೆಯನ್ನು ಕುಗ್ಗಿಸುವ ಬದಲು ಹಾಳೆಯನ್ನು ಹಿಗ್ಗಿಸಬೇಕು. 914 ಮಿಲಿಮೀಟರ್ ರೋಲ್‌ನಲ್ಲಿ 841ರ ಹಾಳೆಗೆ ಅಗಲದಲ್ಲಿ 73 ಮಿಲಿಮೀಟರ್ ಹೆಚ್ಚುವರಿ ಇದ್ದೇ ಇದೆ, ಉದ್ದವಂತೂ ಬೇಕಾದಷ್ಟು. ಸ್ವಲ್ಪ ದೊಡ್ಡ ಹಾಳೆ ಎಂದು ಕೊಟ್ಟು, ಮುದ್ರಿಸಿದ ಮೇಲೆ ಅಂಚು ಕತ್ತರಿಸಿದರಾಯಿತು.

ಗೆರೆಗಳ ದಪ್ಪ ಇನ್ನೊಂದು ವಿಷಯ. ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಕಾಣುವ ಗೆರೆಗಳನ್ನು ಕಾಗದದ ಮೇಲೆ ಯಾವ ಬಣ್ಣ, ಎಷ್ಟು ದಪ್ಪದಲ್ಲಿ ಎಳೆಯಬೇಕು ಎಂದು ತಿಳಿಸುವ ಪಟ್ಟಿ ಆಟೊಕ್ಯಾಡ್‌ನಲ್ಲಿ ಪ್ರತ್ಯೇಕ ಕಡತವಾಗಿರುತ್ತದೆ. monochrome.ctb ಆರಿಸಿದರೆ ಎಲ್ಲವೂ ಕಪ್ಪಾಗುತ್ತದೆ. ಇದನ್ನು ಮರೆತರೆ ಹಳದಿ ಗೆರೆ ಹಳದಿಯಾಗಿಯೇ ಬಂದು ಬಿಳಿ ಕಾಗದದಲ್ಲಿ ಕಳೆದುಹೋಗುತ್ತದೆ. ಕಿಟಕಿಯ ಗೆರೆಗಳೇ ಇಲ್ಲದ ಪ್ಲಾನ್ ಅಂಗಡಿಯಿಂದ ಬರುವುದು ಸಾಮಾನ್ಯವಾಗಿ ಹೀಗೆಯೇ. ನಕ್ಷೆ ಮಾಡಿದ ಕಚೇರಿ ತನ್ನದೇ ಪಟ್ಟಿ ಬಳಸಿದ್ದು, ಅಂಗಡಿಯ ಕಂಪ್ಯೂಟರ್‌ನಲ್ಲಿ ಅದಿಲ್ಲದಿದ್ದರೂ ಹೀಗಾಗುತ್ತದೆ. ಅದಕ್ಕೇ ಅಂಗಡಿಗೆ ಆಟೊಕ್ಯಾಡ್ ಕಡತದ ಬದಲು, ಸರಿಯಾದ ಅಳತೆಯಲ್ಲಿ ತೆಗೆದ ಪಿಡಿಎಫ್ ಒಯ್ಯುವುದು ಜಾಣತನ. ಅದರಲ್ಲಿ ದಪ್ಪ, ಬಣ್ಣ, ಅಕ್ಷರ ಎಲ್ಲವೂ ಮೊದಲೇ ಗಟ್ಟಿಯಾಗಿರುತ್ತವೆ.

ರೋಲ್ ಇರುವುದರಿಂದಲೇ ಸಾಧ್ಯವಾಗುವ ಒಂದು ಬಗೆಯ ನಕ್ಷೆಯೂ ಇದೆ. ರಸ್ತೆ ಅಥವಾ ಕಾಲುವೆಯ ಉದ್ದ ಸೀಳುನೋಟದಲ್ಲಿ ಉದ್ದಕ್ಕೊಂದು, ಎತ್ತರಕ್ಕೊಂದು ಸ್ಕೇಲ್ ಬಳಸುತ್ತಾರೆ. ಉದ್ದಕ್ಕೆ 1:2500 ಹಿಡಿದರೆ 10 ಕಿಲೋಮೀಟರ್ ಕಾಲುವೆ 4 ಮೀಟರ್ ಕಾಗದವಾಗುತ್ತದೆ. ಇದಕ್ಕೆ 24 ಇಂಚಿನ ರೋಲ್ ಹಾಕಿ, 594 ಮಿಲಿಮೀಟರ್ ಎತ್ತರ, ನಾಲ್ಕು ಮೀಟರ್‌ಗೂ ತುಸು ಹೆಚ್ಚು ಉದ್ದದ ಹಾಳೆಯನ್ನು ಹೊಸದಾಗಿ ಹೆಸರಿಸಿಕೊಳ್ಳಬೇಕು. ಎ0 ನಕ್ಷೆಯಲ್ಲಿ ಕ್ಷಮಿಸಬಹುದಾಗಿದ್ದ ಮೀಟರ್‌ಗೆ 2 ಮಿಲಿಮೀಟರ್ ಓರೆ ಇಲ್ಲಿ 8 ಮಿಲಿಮೀಟರ್ ಆಗುತ್ತದೆ. 610 ಮಿಲಿಮೀಟರ್ ಅಗಲದ ಆ ರೋಲ್‌ನಲ್ಲಿ ಹಾಳೆಯ ಎರಡೂ ಬದಿಗೆ ಉಳಿಯುವುದೂ ತಲಾ 8 ಮಿಲಿಮೀಟರ್ ಮಾತ್ರ.

ಮುದ್ರಣ ಶುರುವಾದ ಮೇಲೆ ಮೊದಲ ಒಂದಡಿ ಹೊರಬರುವವರೆಗೆ ಯಂತ್ರದ ಬಳಿ ನಿಂತು ನೋಡುವುದು ಒಳ್ಳೆಯದು. ತಪ್ಪುಗಳೆಲ್ಲ ಅಷ್ಟರಲ್ಲಿ ಮುಖ ತೋರಿಸುತ್ತವೆ. ಅಡ್ಡಕ್ಕೆ ಸಮಾನ ದೂರದಲ್ಲಿ ತೆಳು ಬಿಳಿ ಪಟ್ಟಿಗಳು ಕಂಡರೆ ಎರಡು ಕಾರಣ ಇರಬಹುದು. ಹೆಡ್‌ನ ಕೆಲವು ತೂತು ಕಟ್ಟಿಕೊಂಡಿರಬಹುದು, ಇಲ್ಲವೇ ಕಾಗದ ಪ್ರತಿ ಹೆಜ್ಜೆಗೂ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಸರಿಯುತ್ತಿರಬಹುದು. ಯಾವುದೆಂದು ತಿಳಿಯಲು ತೂತುಗಳ ಪರೀಕ್ಷೆಯ ಪುಟ ತೆಗೆಯಬೇಕು. ಅದರಲ್ಲಿ ಚಿಕ್ಕ ಗೆರೆಗಳ ಸಾಲು ಅಲ್ಲಲ್ಲಿ ತುಂಡಾಗಿದ್ದರೆ ಹೆಡ್ ಶುಚಿಮಾಡಬೇಕು. ಗೆರೆಗಳೆಲ್ಲ ಇದ್ದೂ ಪಟ್ಟಿ ಬರುತ್ತಿದ್ದರೆ ಕಾಗದ ಸರಿಯುವ ಲೆಕ್ಕವನ್ನು ಯಂತ್ರದ ಮೆನುವಿನಿಂದ ಸರಿಪಡಿಸಬೇಕು. ಪಟ್ಟಿ ಬಿಳಿಯ ಬದಲು ಕಪ್ಪಾಗಿದ್ದರೆ ಕಾಗದ ಕಡಿಮೆ ಸರಿದು ಇಂಕ್ ಒಂದರ ಮೇಲೊಂದು ಬೀಳುತ್ತಿದೆ ಎಂದು ಅರ್ಥ. ಕಾರಣ ನೋಡದೆ ಮತ್ತೆ ಮತ್ತೆ ಹೆಡ್ ಶುಚಿಮಾಡುವುದು ಇಂಕ್‌ಗೆ ದಂಡ; ಪ್ರತಿ ಸಲವೂ ಇಂಕ್ ಹೊರಗೆ ಹರಿದುಹೋಗುತ್ತದೆ.

ನಕ್ಷೆ ಮುಗಿದಾಗ ಒಣಗಲು ಯಂತ್ರ ಕೆಲ ಹೊತ್ತು ಹಿಡಿದುಕೊಂಡು, ಆಮೇಲೆ ಅಡ್ಡಕ್ಕೆ ಓಡುವ ಬ್ಲೇಡಿನಿಂದ ಕತ್ತರಿಸುತ್ತದೆ. ಮಳೆಗಾಲದ ಮಂಗಳೂರಿನಂಥ ಊರಲ್ಲಿ ಒಣಗುವುದು ನಿಧಾನ. ಹಸಿ ನಕ್ಷೆ ಬುಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದರೆ ಒಂದರ ಮಸಿ ಇನ್ನೊಂದರ ಬೆನ್ನಿಗೆ. ತೇವ ಅಳತೆಯನ್ನೂ ಬದಲಿಸುತ್ತದೆ. ಕಾಗದದ ನಾರುಗಳು ಹೆಚ್ಚಾಗಿ ರೋಲ್‌ನ ಉದ್ದಕ್ಕೆ ಮಲಗಿರುವುದರಿಂದ ತೇವ ಹೀರಿದಾಗ ಅದು ಅಗಲಕ್ಕೆ ಹೆಚ್ಚು ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ತಯಾರಕರು ಹೇಳಿಕೊಳ್ಳುವ ಶೇಕಡಾ 0.1ರ ನಿಖರತೆ, ಅಂದರೆ ಮೀಟರ್‌ಗೆ ಒಂದು ಮಿಲಿಮೀಟರ್, ಸಾಮಾನ್ಯವಾಗಿ ಹದವಾದ ಕೋಣೆಯಲ್ಲಿ, ಹಿಗ್ಗದ ಪಾಲಿಯೆಸ್ಟರ್ ಫಿಲ್ಮ್ ಮೇಲೆ ಅಳೆದದ್ದು. ಬಾಂಡ್ ಕಾಗದದಿಂದ ಅಷ್ಟನ್ನು ನಿರೀಕ್ಷಿಸಲಾಗದು. ಆದ್ದರಿಂದ ಮೊದಲ ಪ್ರತಿ ಕೈಗೆ ಬಂದಾಗ ಗೊತ್ತಿರುವ ಒಂದು ಉದ್ದ ಅಳತೆಯನ್ನು ಅಡ್ಡಕ್ಕೂ ಉದ್ದಕ್ಕೂ ಸ್ಟೀಲ್ ಸ್ಕೇಲ್ ಇಟ್ಟು ನೋಡಬೇಕು. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ತಪ್ಪು ಫಿಟ್ ಆಯ್ಕೆಯದ್ದು. ಒಂದೇ ದಿಕ್ಕಿನಲ್ಲಿ ವ್ಯತ್ಯಾಸವಿದ್ದರೆ ಅದು ಕಾಗದದ್ದು, ಇಲ್ಲವೇ ಕಾಗದ ಸರಿಯುವ ಲೆಕ್ಕದ್ದು.

ದೊಡ್ಡ ಕೆಲಸ ಕೊಡುವ ಮುನ್ನ ರೋಲ್‌ನಲ್ಲಿ ಎಷ್ಟು ಉಳಿದಿದೆ ಎಂದು ತಿಳಿದಿರಬೇಕು. ಕೆಲವು ಮಾದರಿಗಳು ರೋಲ್ ತೆಗೆಯುವಾಗ ಉಳಿದ ಉದ್ದವನ್ನು ಕಾಗದದ ತುದಿಯಲ್ಲೇ ಮುದ್ರಿಸುತ್ತವೆ. ಇಲ್ಲದ ಕಡೆ ಕೊಳವೆಯ ಮೇಲಿನ ಕಾಗದದ ದಪ್ಪ ನೋಡಿ ಅಂದಾಜು ಮಾಡಬಹುದು. 80 ಜಿಎಸ್‌ಎಂ ಕಾಗದದ ದಪ್ಪ ಸುಮಾರು 0.1 ಮಿಲಿಮೀಟರ್, ರಟ್ಟಿನ ಕೊಳವೆಯ ಹೊರವ್ಯಾಸ 60 ಮಿಲಿಮೀಟರ್ ಎಂದು ಹಿಡಿದರೆ, ಅದರ ಮೇಲೆ 10 ಮಿಲಿಮೀಟರ್ ದಪ್ಪ ಕಾಗದ ಉಳಿದಿದ್ದಾಗ 22 ಮೀಟರ್ ಇರುತ್ತದೆ, 5 ಮಿಲಿಮೀಟರ್ ಉಳಿದಿದ್ದಾಗ 10 ಮೀಟರ್. ಹತ್ತು ಮೀಟರ್ ಎಂದರೆ ಅಡ್ಡಕ್ಕೆ ತಿರುಗಿಸಿದ ಹದಿನಾರು ಎ1 ನಕ್ಷೆ. ಕೊನೆಯ ಒಂದೆರಡನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಮೇಲು: ಒಳಸುತ್ತಿನ ಕಾಗದ ಗಟ್ಟಿಯಾಗಿ ಸುರುಳಿಗೊಂಡು ಮೂಲೆ ಎತ್ತುತ್ತದೆ, ತೀರ ಕೊನೆಯ ತುದಿಯನ್ನು ಕೆಲವು ರೋಲ್‌ಗಳಲ್ಲಿ ಕೊಳವೆಗೆ ಅಂಟಿಸಿರುತ್ತಾರೆ.